ತೊಂಬತ್ತಾರು ಪ್ಯಾನೆಲ್, ಆರೇ ಬಗೆ

ಪ್ರಶ್ನೆ: ಕುಂಬಳೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಹಳೆಯ ಮುರಕಲ್ಲಿನ ಕಟ್ಟಡದ ಮುಂಭಾಗಕ್ಕೆ ತೂತಿನ ಅಲ್ಯೂಮಿನಿಯಂ ಪ್ಯಾನೆಲ್‌ಗಳ ಹೊದಿಕೆ ವಿನ್ಯಾಸ ಮಾಡುತ್ತಿದ್ದೇನೆ. 14.4 ಮೀಟರ್ ಅಗಲ, 9.6 ಮೀಟರ್ ಎತ್ತರದ ಗೋಡೆಯನ್ನು ಗ್ರಾಸ್‌ಹಾಪರ್‌ನಲ್ಲಿ 12×8 ಆಗಿ ಭಾಗಿಸಿದ್ದೇನೆ. ನಡುವಿನ ಮೆಟ್ಟಿಲ ಕಿಟಕಿಯ ಹತ್ತಿರ ತೂತು ದೊಡ್ಡದಾಗಿರಬೇಕು, ದೂರ ಹೋದಂತೆ ಚಿಕ್ಕದಾಗಬೇಕು. ಸದ್ಯ ಪ್ಯಾನೆಲ್‌ಗೆ ಒಂದೇ ವೃತ್ತ ಇಟ್ಟು ನೋಡಿದರೆ 96ರ ಬದಲು 9,216 ವೃತ್ತಗಳು ಬರುತ್ತಿವೆ. ಮುಂದೆ ಪ್ರತಿ ಪ್ಯಾನೆಲ್‌ಗೆ ನೂರು ತೂತು ಬೇಕು. ಎಲ್ಲ ಪ್ಯಾನೆಲ್‌ಗಳೂ ಬೇರೆ ಬೇರೆಯಾದರೆ ಕೆಲಸ ಕಷ್ಟ ಎಂದು ಫ್ಯಾಬ್ರಿಕೇಟರ್ ಹೇಳುತ್ತಿದ್ದಾರೆ. ಎಲ್ಲಿ ತಪ್ಪಿದೆ?

ಉತ್ತರ: 9,216 ಎಂದರೆ 96ರ ವರ್ಗ. ಈ ಸಂಖ್ಯೆಯೇ ತಪ್ಪಿನ ಜಾಗವನ್ನು ತೋರಿಸುತ್ತದೆ. ವೃತ್ತದ ಕೇಂದ್ರಗಳು `Graft` ಆಗಿ 96 ಕೊಂಬೆಗಳಲ್ಲಿ ಒಂದೊಂದಾಗಿ ಕುಳಿತಿವೆ. ತ್ರಿಜ್ಯಗಳು ಮಾತ್ರ ಒಂದೇ ಕೊಂಬೆಯಲ್ಲಿ 96 ಇವೆ. ಹೀಗಿದ್ದಾಗ ಗ್ರಾಸ್‌ಹಾಪರ್ ಪ್ರತಿಯೊಂದು ಕೇಂದ್ರಕ್ಕೂ ಎಲ್ಲ 96 ತ್ರಿಜ್ಯಗಳನ್ನು ಜೋಡಿಸುತ್ತದೆ. `Param Viewer` ಅನ್ನು ಎರಡೂ ತಂತಿಗಳಿಗೆ ಒಂದೊಂದಾಗಿ ಸೇರಿಸಿ ಕೊಂಬೆಗಳನ್ನು ಎಣಿಸಿದರೆ ಇದು ಕಣ್ಣಿಗೇ ಕಾಣುತ್ತದೆ.

ಇದಕ್ಕೆ ಕೇಂದ್ರಗಳನ್ನು `Flatten` ಮಾಡುವುದು ಸುಲಭದ ದಾರಿಯೆಂದು ತೋರಬಹುದು, ಇವತ್ತಿನ ಮಟ್ಟಿಗೆ 96 ವೃತ್ತಗಳೂ ಸಿಗಬಹುದು. ಆದರೆ ನೂರು ತೂತುಗಳ ಹಂತಕ್ಕೆ ಹೋದಾಗ ಅದೇ ದಾರಿ ಕೈಕೊಡುತ್ತದೆ. ಆಗ 9,600 ಕೇಂದ್ರಗಳ ಎದುರು 96 ತ್ರಿಜ್ಯಗಳು ನಿಲ್ಲುತ್ತವೆ. ಮೊದಲ 96 ತೂತುಗಳಿಗೆ ಒಂದೊಂದು ತ್ರಿಜ್ಯ ಹಂಚಿಹೋಗಿ, ಉಳಿದ ಎಲ್ಲಕ್ಕೂ ಪಟ್ಟಿಯ ಕೊನೆಯ ತ್ರಿಜ್ಯವೇ ಬರುತ್ತದೆ. ಮೊದಲ ಪ್ಯಾನೆಲ್‌ನಲ್ಲಿ ಮಾತ್ರ ತೂತುಗಳು ಏರಿಳಿದು, ಗೋಡೆಯ ಉಳಿದ ಭಾಗವೆಲ್ಲ ಒಂದೇ ಅಳತೆಯಲ್ಲಿ ಕಂಡರೆ ಈ ತಪ್ಪೇ ನಡೆದಿದೆ ಎಂದು ತಿಳಿಯಬೇಕು. ಆದ್ದರಿಂದ ಒಂದು ಪ್ಯಾನೆಲ್ ಎಂದರೆ ಒಂದು ಕೊಂಬೆ ಎಂಬ ನಿಯಮವನ್ನು ಆರಂಭದಿಂದಲೇ ಇಟ್ಟುಕೊಳ್ಳಿ: ಕೇಂದ್ರಗಳು 96 ಕೊಂಬೆಗಳಲ್ಲಿ ತಲಾ ನೂರು ಇರಲಿ, ತ್ರಿಜ್ಯಗಳನ್ನು `Graft` ಮಾಡಿ 96 ಕೊಂಬೆಗಳಲ್ಲಿ ತಲಾ ಒಂದು ಇರಲಿ.

ಫ್ಯಾಬ್ರಿಕೇಟರ್ ಅವರ ಮಾತು ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಮತ್ತು ಅವರು ಹೇಳುವುದರಲ್ಲಿ ನ್ಯಾಯವಿದೆ. ನಿಮ್ಮ ಡೆಫಿನಿಷನ್‌ನಲ್ಲಿ ದೂರ ಬದಲಾದಂತೆ ತ್ರಿಜ್ಯವೂ ದಶಾಂಶಗಳಲ್ಲಿ ಬದಲಾಗುವುದರಿಂದ, ಬರಿಗಣ್ಣಿಗೆ ಒಂದೇ ಎನಿಸುವ ಎರಡು ಪ್ಯಾನೆಲ್‌ಗಳಿಗೂ ಎರಡು ಬೇರೆ ಕಟಿಂಗ್ ನಕ್ಷೆಗಳು ಬೇಕಾಗುತ್ತವೆ. ತೂತುಗಳನ್ನು ಪಂಚ್ ಯಂತ್ರದಲ್ಲಿ ಹೊಡೆಯುವುದಾದರೆ ಪ್ರತಿ ವ್ಯಾಸಕ್ಕೂ ಪ್ರತ್ಯೇಕ ಟೂಲ್ ಬೇಕು. ಬೀದಿಯಿಂದ ನೋಡುವವರಿಗೆ ಆರು ಹಂತಗಳಿದ್ದರೂ ಬದಲಾವಣೆ ನಯವಾಗಿಯೇ ಕಾಣುತ್ತದೆ ಎಂಬುದು ನನ್ನ ಅನುಭವ.

ಆರು ಹಂತಗಳನ್ನು ಮಾಡುವ ಕ್ರಮ ಹೀಗಿದೆ. ಪ್ಯಾನೆಲ್‌ಗಳ ಕೇಂದ್ರದಿಂದ ಕಿಟಕಿಯ ಬಿಂದುವಿಗೆ `Distance` ತೆಗೆದು, ಅದನ್ನು `Remap Numbers` ಮೂಲಕ 0ರಿಂದ 1ರ ವ್ಯಾಪ್ತಿಗೆ ತನ್ನಿ. ಮೂಲ ವ್ಯಾಪ್ತಿಗೆ `Bounds` ಕೊಡುವುದು ರೂಢಿ; ನಾನದನ್ನು ಇಲ್ಲಿ ಒಪ್ಪುವುದಿಲ್ಲ. ಬಿಂದುವನ್ನು ಒಂದು ಗೇಣು ಸರಿಸಿದರೂ `Bounds` ಬದಲಾಗಿ ಇಡೀ ಗೋಡೆಯ ಹಂಚಿಕೆ ಕದಲುತ್ತದೆ. ಬದಲಿಗೆ `Construct Domain` ಬಳಸಿ 0ರಿಂದ 7500 ಮಿಲಿಮೀಟರ್ ಎಂದು ಕೈಯಾರೆ ನಿಗದಿಪಡಿಸಿ, ಆ ಮಿತಿಯನ್ನು ಮೀರಿದ ಸಂಖ್ಯೆಗಳು ಅಂಚಿನಲ್ಲೇ ನಿಲ್ಲುವಂತೆ `Remap Numbers`ನ ಎರಡನೆಯ ಔಟ್‌ಪುಟ್ ಆದ `C`ಯನ್ನು ತೆಗೆದುಕೊಳ್ಳಿ. ಅದರ ಮುಂದೆ `Expression` ಕಾಂಪೊನೆಂಟ್‌ನಲ್ಲಿ ಈ ಸೂತ್ರ ಬರಲಿ:

```
Min(Floor(6*x),5)
```

ಇದರಿಂದ 0ರಿಂದ 5ರವರೆಗಿನ ಬಗೆಸಂಖ್ಯೆ ಸಿಗುತ್ತದೆ. ಅದನ್ನು `List Item`ನ `i`ಗೆ ಕೊಟ್ಟು ಆರು ವ್ಯಾಸಗಳ ಪಟ್ಟಿಯಿಂದ ಆರಿಸಬೇಕು. `Circle CNR` ಕೇಳುವುದು ತ್ರಿಜ್ಯವಾದ್ದರಿಂದ ಆರಿಸಿದ ವ್ಯಾಸವನ್ನು ಎರಡರಿಂದ ಭಾಗಿಸಲು ಮರೆಯಬೇಡಿ.

0ರಿಂದ 5ಕ್ಕೆ ತಂದು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು, ಏಕೆಂದರೆ ಹಾಗೆ ಮಾಡಿದಾಗ ಮೊದಲ ಮತ್ತು ಕೊನೆಯ ಬಗೆಗಳಿಗೆ ಉಳಿದವುಗಳ ಅರ್ಧದಷ್ಟು ವ್ಯಾಪ್ತಿ ಮಾತ್ರ ದಕ್ಕುತ್ತದೆ. ಬಿಂದು ಹೊದಿಕೆಯ ನಟ್ಟನಡುವೆ ಇದೆಯೆಂದೂ, ಮುಂದೆ ವಿವರಿಸುವಂತೆ ಪ್ಯಾನೆಲ್‌ಗಳ ಅಂತರ 1150 ಮಿಲಿಮೀಟರ್ ಎಂದೂ ಇಟ್ಟುಕೊಂಡು ನಾನು ಲೆಕ್ಕ ಹಾಕಿ ನೋಡಿದೆ. ಹತ್ತಿರದ ಪೂರ್ಣಾಂಕದ ವಿಧಾನದಲ್ಲಿ ಬಗೆಗಳಿಗೆ ಕ್ರಮವಾಗಿ 0, 12, 20, 32, 24, 8 ಪ್ಯಾನೆಲ್‌ಗಳು ಬರುತ್ತವೆ. ಅಂದರೆ ಕಿಟಕಿಯ ಮುಂದೆ ಬರಬೇಕಾದ ಅತಿ ದೊಡ್ಡ ತೂತಿನ ಬಗೆ ಗೋಡೆಯ ಮೇಲೆ ಎಲ್ಲಿಯೂ ಬರುವುದೇ ಇಲ್ಲ. ಮೇಲಿನ ಸೂತ್ರದಲ್ಲಿ 4, 12, 16, 28, 16, 20 ಬರುತ್ತವೆ. ನಿಮ್ಮ ಫೈಲಿನಲ್ಲಿ `Member Index`ನ `N` ಔಟ್‌ಪುಟ್ ಈ ಎಣಿಕೆಯನ್ನು ಕೊಡುತ್ತದೆ. ಮೊತ್ತ 96 ಆಗಿದೆಯೇ ಎಂದು ನೋಡಿಕೊಳ್ಳಿ.

ವ್ಯಾಸಗಳನ್ನು 70, 60, 50, 40, 30, 20 ಎಂದು ಸಮನಾಗಿ ಇಳಿಸುವುದಕ್ಕೂ ನನ್ನ ಸಮ್ಮತಿಯಿಲ್ಲ. ಸಂಜೆಯ ಬೆಳಕು ಒಳಬರುವುದು ತೂತಿನ ವಿಸ್ತೀರ್ಣದಿಂದ, ಆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವರ್ಗಗಳನ್ನು ಸಮ ಹಂತಗಳಲ್ಲಿ ಇಳಿಸಿ ಮೂಲ ತೆಗೆದರೆ 70, 63, 56, 47, 36, 20 ಮಿಲಿಮೀಟರ್ ಬರುತ್ತದೆ. ನೂರು ಮಿಲಿಮೀಟರ್ ಅಂತರದಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ತೂತು ಇಟ್ಟಾಗ, ಅತಿ ದೊಡ್ಡ ತೂತುಗಳ ನಡುವೆಯೂ 30 ಮಿಲಿಮೀಟರ್ ಲೋಹ ಉಳಿಯುತ್ತದೆ.

ಇನ್ನು ಅಳತೆಯ ವಿಷಯ. ನಿಮ್ಮ 1200 ಮಿಲಿಮೀಟರ್ ಅಂತರ 1220×2440 ಶೀಟಿಗಾಗಿಯೇ ಮಾಡಿದಂತೆ ಕಂಡರೂ ಅದರಲ್ಲಿ ಹಿಡಿಯುವುದಿಲ್ಲ. ಹತ್ತು ಮಿಲಿಮೀಟರ್ ಸಂದು ಬಿಟ್ಟರೆ ಪ್ಯಾನೆಲ್‌ನ ಮುಖ 1190, ಎರಡೂ ಬದಿಗೆ 25ರ ಮಡಿಕೆ ಸೇರಿ 1240 ಆಗುತ್ತದೆ. ಬಾಗಿಸುವಾಗಿನ ಕಡಿತವನ್ನು ಕಳೆದರೂ ಅದು ಶೀಟಿನ ಅಗಲವನ್ನು ಮೀರುತ್ತದೆ. ಅಂತರವನ್ನು 1150ಕ್ಕೆ ಇಳಿಸಿದರೆ ಮುಖ 1140, ಮಡಿಕೆ ಸೇರಿ 1190; ಒಂದು ಶೀಟಿನಲ್ಲಿ ಎರಡು ಪ್ಯಾನೆಲ್, ಒಟ್ಟು 48 ಶೀಟು. ಬಾಗಿಸುವ ಕಡಿತದ ನಿಖರ ಅಂಕಿಯನ್ನು ಫ್ಯಾಬ್ರಿಕೇಟರ್ ಅವರಿಂದಲೇ ಪಡೆಯಿರಿ. ಅದು ಶೀಟಿನ ದಪ್ಪ ಮತ್ತು ಅವರ ಯಂತ್ರವನ್ನು ಅವಲಂಬಿಸಿದೆ.

ಹೊಸ ಅಂತರಕ್ಕೆ ಹೊದಿಕೆಯ ಸರ್ಫೇಸ್ 13.8×9.2 ಮೀಟರ್ ಆಗಬೇಕು. ಇಕ್ಕೆಲಗಳಲ್ಲಿ 300 ಮಿಲಿಮೀಟರ್, ಕೆಳಗೆ 400 ಮಿಲಿಮೀಟರ್ ಉಳಿಯುತ್ತದೆ. ಮಳೆಗಾಲದಲ್ಲಿ ನೆಲದಿಂದ ಸಿಡಿಯುವ ಕೆಸರುನೀರಿಗೆ ಆ ಕೆಳಗಿನ ಜಾಗ ಖಾಲಿಯಿರುವುದೇ ಒಳ್ಳೆಯದು. ಈ ಸರ್ಫೇಸ್ ಅನ್ನು `Reparameterize` ಮಾಡುವುದಿದ್ದರೆ ಒಂದೇ `Surface` ಪ್ಯಾರಾಮೀಟರ್‌ನಲ್ಲಿ ಮಾಡಿ, ಅಲ್ಲಿಂದಲೇ `Divide Domain²` ಮತ್ತು `Isotrim` ಎರಡಕ್ಕೂ ತಂತಿ ಎಳೆಯಿರಿ. ಒಂದರಲ್ಲಿ ಮಾಡಿ ಇನ್ನೊಂದರಲ್ಲಿ ಬಿಟ್ಟರೆ ಎರಡರ ವ್ಯಾಪ್ತಿಗಳು ಹೊಂದದೆ ಪ್ಯಾನೆಲ್‌ಗಳು ಸರಿಯಾಗಿ ಕತ್ತರಿಸಿಬರುವುದಿಲ್ಲ.

`Bake` ಮಾಡುವ ಮೊದಲು ಗೋಡೆಯನ್ನು ಸ್ವತಃ ಅಳೆಯಿರಿ. ನಮ್ಮ ಕಡೆಯ ಹಳೆಯ ಮುರಕಲ್ಲಿನ ಗೋಡೆಗಳು ತೂಕದ ಗುಂಡಿಗೆ ನೇರವಾಗಿರುವುದು ಅಪರೂಪ. ಆ ಓರೆಯನ್ನು ಡೆಫಿನಿಷನ್‌ನೊಳಗೆ ತರಬೇಡಿ, ತಂದರೆ ಪ್ರತಿಯೊಂದು ಪ್ಯಾನೆಲೂ ಮತ್ತೆ ಬೇರೆಯಾಗುತ್ತದೆ. ಗೋಡೆಗೂ ಚೌಕಟ್ಟಿಗೂ ನಡುವಿನ ಬ್ರಾಕೆಟ್‌ಗಳಲ್ಲಿ ಹಿಂದೆ ಮುಂದೆ ಸರಿಸುವ ಉದ್ದ ತೂತುಗಳನ್ನಿಟ್ಟು ಅಲ್ಲಿಯೇ ಸರಿಪಡಿಸಿಕೊಳ್ಳಿ.