ತಣಿಸಿದಾಗ ಸಿಗುವ ಹರಳುಗಳ ತೂಕ

ಪ್ರಶ್ನೆ: 60 ಡಿಗ್ರಿಯಲ್ಲಿರುವ 300 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಪರ್ಯಾಪ್ತ ದ್ರಾವಣವನ್ನು 20 ಡಿಗ್ರಿಗೆ ತಣಿಸಿದರೆ ಎಷ್ಟು ಹರಳು ಸಿಗುತ್ತದೆ? ನನಗೆ 234 ಗ್ರಾಂ ಬರುತ್ತಿದೆ, ಉತ್ತರ ಬೇರೆ ಇದೆ.

ಉತ್ತರ: ನೀವು 300 ಗ್ರಾಂ ದ್ರಾವಣವನ್ನು 300 ಗ್ರಾಂ ನೀರೆಂದು ಹಿಡಿದಿದ್ದೀರಿ. ವಿಲೇಯತೆಯನ್ನು ಹೇಳುವುದು 100 ಗ್ರಾಂ ನೀರಿಗೆ: 60 ಡಿಗ್ರಿಯಲ್ಲಿ ಸುಮಾರು 110 ಗ್ರಾಂ, 20 ಡಿಗ್ರಿಯಲ್ಲಿ ಸುಮಾರು 32 ಗ್ರಾಂ.

ಹಾಗಾಗಿ ಮೊದಲು ನೀರನ್ನು ಕಂಡುಹಿಡಿಯಿರಿ. ಬಿಸಿ ದ್ರಾವಣದ ಪ್ರತಿ 210 ಗ್ರಾಂನಲ್ಲಿ 100 ಗ್ರಾಂ ನೀರಿದೆ. ಹಾಗಾದರೆ 300 ಗ್ರಾಂನಲ್ಲಿ 142.9 ಗ್ರಾಂ ನೀರು, ಉಳಿದ 157.1 ಗ್ರಾಂ ಲವಣ. ತಣಿಸುವಾಗ ನೀರು ಬದಲಾಗುವುದಿಲ್ಲ. ಇಡೀ ಲೆಕ್ಕ ನಿಂತಿರುವುದೇ ಇದರ ಮೇಲೆ. ಅಷ್ಟು ನೀರು 20 ಡಿಗ್ರಿಯಲ್ಲಿ 142.9 × 0.32 = 45.7 ಗ್ರಾಂ ಲವಣವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಮಿಕ್ಕ 111.4 ಗ್ರಾಂ ಹರಳಾಗುತ್ತದೆ.

ಕರಗಿದ್ದದ್ದೇ 157 ಗ್ರಾಂ ಆಗಿರುವಾಗ 234 ಗ್ರಾಂ ಹೊರಬರಲು ಸಾಧ್ಯವೇ? ಈ ತಾಳೆಯನ್ನು ಪ್ರತಿಸಲವೂ ನೋಡಿ.

ಒಂದು ಎಚ್ಚರಿಕೆ: ಮೈಲುತುತ್ತದ ಹರಳುಗಳು ತಮ್ಮೊಳಗೆ ನೀರನ್ನೂ ಸೇರಿಸಿಕೊಳ್ಳುತ್ತವೆ. ಅಲ್ಲಿ ದ್ರಾವಣದ ನೀರು ಕಡಿಮೆಯಾಗುವುದರಿಂದ ಈ ನೇರ ವ್ಯವಕಲನ ನಡೆಯುವುದಿಲ್ಲ. ಪೊಟ್ಯಾಸಿಯಂ ನೈಟ್ರೇಟ್ ಹರಳಿನಲ್ಲಿ ನೀರಿಲ್ಲ, ಆದ್ದರಿಂದ ಇಲ್ಲಿ ಆ ತೊಡಕಿಲ್ಲ.