ನಾಲ್ಕು ಜನರ ಪ್ರಾಜೆಕ್ಟ್‌ನಲ್ಲಿ ನಿನ್ನ ಪಾಲೆಷ್ಟು?

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಹುಡುಗ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿ ನಾಲ್ಕು ತಿಂಗಳಾಗಿತ್ತು. "ಎಕ್ಸ್‌ಪೀರಿಯೆನ್ಸ್ ಇಲ್ಲ ಮೇಡಂ, ಅದಕ್ಕೇ ಯಾರೂ ಕರೀತಿಲ್ಲ" ಎಂದು ರೆಸ್ಯೂಮೆ ಮುಂದಿಟ್ಟ. ಎರಡೂವರೆ ಪುಟ. ಶುರುವಿಗೆ ಐದು ಸಾಲಿನ ಕೆರಿಯರ್ ಆಬ್ಜೆಕ್ಟಿವ್, ಕೊನೆಗೆ ಅಪ್ಪನ ಹೆಸರು, ಹವ್ಯಾಸ, ಸಹಿ ಸಮೇತ ಡಿಕ್ಲರೇಷನ್. ಪ್ರಾಜೆಕ್ಟ್ ಎಲ್ಲಿ ಅಂತ ಹುಡುಕಬೇಕಾಯಿತು. ಎರಡನೇ ಪುಟದಲ್ಲಿ ಒಂದೇ ಸಾಲು: ಸ್ಮಾರ್ಟ್ ನೀರಾವರಿ ವ್ಯವಸ್ಥೆ, ತಂಡ 4.

"ಇದರಲ್ಲಿ ನೀನೇನು ಮಾಡಿದೆ?" ಎಂದೆ.

"ಸೆನ್ಸರ್‌ನಿಂದ ತೇವ ಓದಿ ಪಂಪ್ ಆನ್ ಮಾಡಿದ್ವಿ."

"ಮಾಡಿದ್ವಿ ಬೇಡ. ನೀನು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಕೋಡ್ ಪೂರ್ತಿ ಅವನದೇ ಅಂತೆ. ಎಲ್ಲಿ ಕೈಕೊಟ್ಟಿತು ಎಂದು ಕೇಳಿದಾಗ ಮುಖ ಅರಳಿತು. ಮಣ್ಣಿನ ಸೆನ್ಸರ್ ಮೇಜಿನ ಮೇಲೆ ಸರಿಯಾಗಿ ಓದುತ್ತಿತ್ತು, ವೈಫೈ ಆನ್ ಮಾಡಿದ ಕೂಡಲೇ ಓದುವುದೇ ನಿಲ್ಲುತ್ತಿತ್ತು. ಎರಡು ದಿನ ವೈರ್ ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ತಿಳಿಯಿತು: ESP32 ಬೋರ್ಡಿನಲ್ಲಿ ವೈಫೈ ಓಡುವಾಗ ADC2 ಗುಂಪಿನ ಪಿನ್‌ಗಳನ್ನು ಸೆನ್ಸರ್ ಓದಲು ನೆಚ್ಚಿಕೊಳ್ಳುವಂತಿಲ್ಲ. ADC1 ಗುಂಪಿಗೆ ಸೇರಿದ GPIO34 ಪಿನ್‌ಗೆ ಸೆನ್ಸರ್ ಬದಲಿಸಿದ, ಸರಿಯಾಯಿತು.

ನನಗೆ ಬೇಕಿದ್ದದ್ದು ಇದೇ. ಈ ಕಥೆ ರೆಸ್ಯೂಮೆಯಲ್ಲೇ ಇಲ್ಲ, ನೋಡಿ!

ಹಾಗಾಗಿ ಕ್ರಮ ತಿರುಗಿಸಿದೆವು. ಮೇಲೆ ಹೆಸರು, ಫೋನು, ಇಮೇಲ್, GitHub ಕೊಂಡಿ. ಅದರ ಕೆಳಗೆ ಸ್ಕಿಲ್ಸ್ ಎರಡು ಸಾಲು. ಆಮೇಲೆ ಅರ್ಧ ಪುಟ ಪ್ರಾಜೆಕ್ಟ್‌ಗಳಿಗೇ. ಕೊನೆಗೆ ಓದು: ಬಿಇ, ಪಿಯುಸಿ, ಎಸ್ಸೆಸ್ಸೆಲ್ಸಿ, ಒಂದೊಂದು ಸಾಲು. ನೀರಾವರಿ ಪ್ರಾಜೆಕ್ಟ್‌ಗೆ ಮೂರು ಸಾಲು ಸಾಕು ಎಂದೆ. ಅದು ಏನು ಮಾಡುತ್ತದೆ, ನಾಲ್ವರಲ್ಲಿ ಅವನ ಪಾಲು ಯಾವುದು, ಯಾವ ತೊಂದರೆಯನ್ನು ಹೇಗೆ ಬಗೆಹರಿಸಿದ. ಮೂರನೆಯದೇ ಇಂಟರ್‌ವ್ಯೂನಲ್ಲಿ ಪ್ರಶ್ನೆಯಾಗುತ್ತದೆ, ಅದಕ್ಕೆ ಅವನ ಬಳಿ ಉತ್ತರವೂ ಇದೆ.

ಸ್ಕಿಲ್ಸ್‌ನಲ್ಲಿ ಹದಿನಾಲ್ಕು ಹೆಸರಿದ್ದವು. ಐದು ನಿಮಿಷ ಪ್ರಶ್ನೆ ಕೇಳಿದರೆ ನಿಲ್ಲಬಲ್ಲವು ಮಾತ್ರ ಉಳಿಸು ಎಂದೆ. ಮಷಿನ್ ಲರ್ನಿಂಗ್ ಹೋಯಿತು. ಸ್ವಲ್ಪ ಬೇಜಾರಾದ. ಸಿ, ಪೈಥಾನ್, ಇನ್ನು ನಾಲ್ಕು ಉಳಿದವು.

ಟೆಂಪ್ಲೇಟ್‌ನದೂ ಒಂದು ತಕರಾರಿತ್ತು. ಪುಟ ಎರಡು ಕಂಬವಾಗಿ ಸೀಳಿತ್ತು, ನೋಡಲು ಚೆಂದ. ಪಿಡಿಎಫ್‌ನಿಂದ ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿಸಿದೆ. ಅವನ ಫೋನ್ ನಂಬರ್ ಸ್ಕಿಲ್ಸ್ ನಡುವೆ ಬಂದು ಕೂತಿತ್ತು. ರೆಸ್ಯೂಮೆ ಓದುವ ಕಂಪನಿಯ ಸಾಫ್ಟ್‌ವೇರ್‌ಗೂ ಹೀಗೇ ಕಾಣಬಹುದು, ಅಲ್ವಾ? ಒಂದೇ ಕಂಬಕ್ಕೆ ಇಳಿಸಿದ.

ಮುಂದಿನ ವಾರ ಒಂದೇ ಪುಟ ತಂದ. GitHubನಲ್ಲಿ ಖಾಲಿ ಇದ್ದ README ಕೂಡ ತುಂಬಿಸಿದ್ದ, ಸರ್ಕ್ಯೂಟ್‌ನ ಫೋಟೊ ಸಮೇತ. ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಉಳಿದಿತ್ತು.

"ಕ್ರಿಕೆಟ್ ಅಂತ ಹಾಕ್ಲಾ ಮೇಡಂ?"

"ಬೇಡ, ಖಾಲಿ ಇರಲಿ ಬಿಡು."