ಸ್ಮಿಯರ್ ರಿಪೋರ್ಟ್ ಬಂತು, ಮನೆಯಲ್ಲಿ ಮಾತು ನಿಂತಿತು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಅಂಕೋಲಾ ಕಡೆಯ ಮಹಿಳೆ, ವಯಸ್ಸು 38. ಮೀನು ಮಾರುತ್ತಾರೆ. ಗಂಡ ಬೋಟಿಗೆ ಹೋಗುವವರು, ಸೀಸನ್ನಿನಲ್ಲಿ ಮಲ್ಪೆ, ಗೋವಾ ಅಂತ ಓಡಾಟ. ಇವರು ನನ್ನ ಹತ್ತಿರ ಬಂದಾಗ ಮಳೆಗಾಲದ ಮೀನುಗಾರಿಕೆ ನಿಷೇಧ ನಡೆಯುತ್ತಿತ್ತು, ಗಂಡ ಮನೆಯಲ್ಲೇ ಇದ್ದರು. ಆದರೆ ಇಬ್ಬರ ನಡುವೆ ಮಾತಿರಲಿಲ್ಲ.

ಕಾರಣ ಒಂದು ರಿಪೋರ್ಟ್. ಕಾರವಾರದಲ್ಲಿ ಮಾಡಿಸಿದ ಗರ್ಭಕಂಠದ ಪರೀಕ್ಷೆ, ಪ್ಯಾಪ್ ಸ್ಮಿಯರ್‌ನಲ್ಲಿ 'ಎಚ್‌ಎಸ್‌ಐಎಲ್' ಅಂತ ಬಂದಿತ್ತು. ಅದು ಎಚ್‌ಪಿವಿ ವೈರಸ್‌ನಿಂದ ಆಗುತ್ತದೆ, ಆ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಅಂತ ನಾದಿನಿ ಮೊಬೈಲಿನಲ್ಲಿ ಓದಿ ಹೇಳಿದ್ದಳು. "ಅಕ್ಕೋರೇ, ನನಗೆ ಕ್ಯಾನ್ಸರ್ ಬಂತು. ತಂದುಕೊಟ್ಟದ್ದು ಅವರೇ ಅಲ್ವಾ? ಕೇಳಿದ್ರೆ ಸಿಟ್ಟು ಮಾಡ್ತಾರೆ" ಅಂದರು.

ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿದ್ದವು. ಕ್ಯಾನ್ಸರ್ ಮಾತನ್ನೇ ಮೊದಲು ತೆಗೆದುಕೊಂಡೆ, ಏಕೆಂದರೆ ಮುಂದಿನ ಪರೀಕ್ಷೆಗೆ ಅವರು ಹೋಗಿರಲೇ ಇಲ್ಲ.

ಸ್ಮಿಯರ್ ಅಂದರೆ ಗರ್ಭಕಂಠದ ಮೇಲ್ಪದರದಿಂದ ಸ್ವಲ್ಪ ಜೀವಕೋಶಗಳನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ನೋಡುವುದು ಕೋಶದ ರೂಪವನ್ನು, ವೈರಸ್ಸನ್ನಲ್ಲ. ಎಚ್‌ಎಸ್‌ಐಎಲ್ ಅಂದರೆ ಆ ಕೋಶಗಳು ಸಾಕಷ್ಟು ಬದಲಾಗಿವೆ ಎಂದು. ಕೆಳಗಿನ ಪದರದಲ್ಲಿ ಏನಾಗಿದೆ ಅಂತ ಅದು ಹೇಳುವುದಿಲ್ಲ. ಇಷ್ಟು ಹೇಳಿದಾಗ ಅವರೇ ಅಂದರು: "ಬುಟ್ಟಿ ಮೇಲಿನ ಬಂಗಡೆ ನೋಡಿ ಅಡಿಯಲ್ಲಿದ್ದದ್ದು ಹೇಳೋಕಾಗಲ್ಲ." ಅದಕ್ಕೇ ಕಾಲ್ಪೊಸ್ಕೋಪಿ ಬೇಕು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ದೊಡ್ಡದು ಮಾಡಿ ತೋರಿಸುವ ಉಪಕರಣದಲ್ಲಿ ನೋಡುತ್ತಾರೆ. ಬಿಳಿಯಾಗಿ ಕಾಣುವ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯುವುದು ಅಲ್ಲಿ.

"ನಾಲ್ಕು ವರ್ಷದ ಹಿಂದೆ ಕ್ಯಾಂಪಿನಲ್ಲಿ ನಾರ್ಮಲ್ ಬಂದಿತ್ತು. ಅಂದ್ರೆ ಈಗ ಹೊಸದಾಗಿ ಬಂದದ್ದಲ್ವಾ?" ಗಂಡನ ಮೇಲಿನ ಅನುಮಾನದ ಬೇರು ಇಲ್ಲಿತ್ತು.

ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಬದಲಾದ ಕೋಶಗಳು ಇದ್ದರೂ ಒಂದು ಸ್ಮಿಯರ್‌ನಲ್ಲಿ ಸಿಗದೇ ಹೋಗಬಹುದು. ಅದು ಹೆಚ್ಚೇನೂ ಅಪರೂಪವಲ್ಲ. ಅದಕ್ಕೇ ಕೆಲವು ವರ್ಷಕ್ಕೊಮ್ಮೆ ಮತ್ತೆ ಮಾಡುವುದು. ಅಥವಾ ಆಗ ವೈರಸ್ ಇದ್ದೂ ಕೋಶಗಳು ಬದಲಾಗಿರಲಿಲ್ಲ ಎಂದೂ ಇರಬಹುದು. ಎಚ್‌ಪಿವಿ ತುಂಬಾ ಸಾಮಾನ್ಯ, ಲೈಂಗಿಕ ಸಂಪರ್ಕ ಇರುವ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುತ್ತದೆ. ಬಹುಪಾಲು ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ತೊಲಗಿಸುತ್ತದೆ. ಕೆಲವರಲ್ಲಿ ಮಾತ್ರ ಉಳಿದುಬಿಡುತ್ತದೆ. ಹಾಗೆ ಉಳಿದದ್ದು 16 ಅಥವಾ 18ನೇ ಬಗೆಯ ವೈರಸ್ ಆದರೆ ಅಪಾಯ ಜಾಸ್ತಿ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಈ ಎರಡರಿಂದಲೇ.

ಕೆಟ್ಟುಹೋದ ಕೋಶ ಒಂದಕ್ಕೆರಡಾಗಿ ಬೆಳೆಯದಂತೆ ತಡೆಯುವ ಎರಡು ಪ್ರೋಟೀನ್‌ಗಳು ನಮ್ಮ ಕೋಶದಲ್ಲೇ ಇವೆ. ವೈರಸ್ ಮಾಡಿಸುವ ಇ6, ಇ7 ಎಂಬ ಪ್ರೋಟೀನ್‌ಗಳು ಅವೆರಡನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ತಡೆ ಹೋದ ಮೇಲೆ ತಪ್ಪುಗಳು ಕೋಶದಿಂದ ಕೋಶಕ್ಕೆ ಕೂಡುತ್ತಾ ಹೋಗುತ್ತವೆ. ಸೋಂಕಿನಿಂದ ಕ್ಯಾನ್ಸರ್‌ವರೆಗೆ ಸಾಮಾನ್ಯವಾಗಿ 10ರಿಂದ 20 ವರ್ಷ ಬೇಕು. ಹಾಗಾಗಿ ಈ ವೈರಸ್ ಯಾವಾಗ, ಯಾರಿಂದ ಬಂತು ಅಂತ ಯಾವ ರಿಪೋರ್ಟೂ ಹೇಳಲಾರದು. ಮದುವೆಯ ಹೊಸತರಲ್ಲೇ ಬಂದಿರಬಹುದು. ಗಂಡನಿಗೂ ಗೊತ್ತಾಗಿರಲಿಕ್ಕಿಲ್ಲ, ಗಂಡಸರಲ್ಲಿ ಹೆಚ್ಚಾಗಿ ಏನೂ ಲಕ್ಷಣ ಕಾಣುವುದಿಲ್ಲ. ಅವರು ತಪ್ಪು ಮಾಡಿಲ್ಲ ಅಂತ ನಾನು ಸರ್ಟಿಫಿಕೇಟ್ ಕೊಡಲಿಲ್ಲ, ಅದು ನನಗೆ ಹೇಗೆ ಗೊತ್ತು? ಈ ಕಾಗದವನ್ನು ಸಾಕ್ಷಿ ಮಾಡಬೇಡಿ ಅಂದೆ, ಅಷ್ಟೇ.

ಮುಂದಿನ ವಾರ ಗಂಡನನ್ನೂ ಕರೆಸಿದೆ. ಅದೇ ಮಾತು ಅವರಿಗೂ ಹೇಳಿದೆ. ಬಹಳ ಹೊತ್ತು ಸುಮ್ನೆ ಕೂತಿದ್ದು, "ಆಸ್ಪತ್ರೆಗೆ ಯಾವತ್ತು ಹೋಗ್ಬೇಕು?" ಅಂತ ಕೇಳಿದರು.

ಬಯಾಪ್ಸಿಯಲ್ಲಿ ಸಿಐಎನ್-3 ಬಂತು. ಬದಲಾವಣೆ ಮೇಲ್ಪದರದ ಒಳಗೇ ಇದೆ, ಕೆಳಗೆ ಇಳಿದಿಲ್ಲ, ಅಂದರೆ ಇನ್ನೂ ಕ್ಯಾನ್ಸರ್ ಅಲ್ಲ. ಹಾಗಂತ ಬಿಟ್ಟರೆ ಆಗುವಂಥದ್ದೂ ಅಲ್ಲ. ಕರೆಂಟ್ ಹರಿಯುವ ತಂತಿಯ ಸಣ್ಣ ಕುಣಿಕೆಯಿಂದ ಆ ಭಾಗವನ್ನು ತೆಗೆದರು. ಸಂಜೆಯೇ ಮನೆಗೆ ಬಂದರು.

ಬರೆದು ಕೊಟ್ಟ ಸಲಹೆ ಹೀಗಿತ್ತು. ಆರು ತಿಂಗಳಿಗೆ ಎಚ್‌ಪಿವಿ ಪರೀಕ್ಷೆ ತಪ್ಪಿಸಬೇಡಿ, ಅದು ನಾರ್ಮಲ್ ಬಂದರೂ ವೈದ್ಯರು ಹೇಳಿದಷ್ಟು ವರ್ಷ ಮತ್ತೆ ಮತ್ತೆ ತೋರಿಸಬೇಕು. ಸಂಪರ್ಕದ ನಂತರ ಅಥವಾ ಮುಟ್ಟು ಅಲ್ಲದ ದಿನ ರಕ್ತ ಕಂಡರೆ ಮುಂದಿನ ಸ್ಮಿಯರ್‌ಗೆ ಕಾಯದೆ ನೇರ ವೈದ್ಯರ ಹತ್ತಿರ ಹೋಗಿ. ಲಸಿಕೆ ಈಗಿರುವ ಸೋಂಕನ್ನು ವಾಸಿ ಮಾಡುವುದಿಲ್ಲ, ಆದರೆ 13 ವರ್ಷದ ಮಗಳಿಗೆ ಕೊಡಿಸಲು ಇದೇ ಸರಿಯಾದ ವಯಸ್ಸು.

ನಾದಿನಿಗೆ 35. ಇದುವರೆಗೆ ಒಮ್ಮೆಯೂ ಸ್ಮಿಯರ್ ಮಾಡಿಸಿಲ್ಲವಂತೆ. ಮುಂದಿನ ಸಲ ಬರುವಾಗ ಅವಳನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.